ತಿಂಗಳು ತಿಂಗಳು ಮುಟ್ಟು ಬರುತ್ತಿದ್ದರೂ ಬೆವರು, ನಿದ್ದೆಗೇಡು, ಸಿಡುಕು? 45ರ ಆಸುಪಾಸಿನ ಪೆರಿಮೆನೋಪಾಸ್ ಗುರುತಿಸುವುದು ಹೀಗೆ

ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಆಗ 45 ವರ್ಷ. ಉಡುಪಿ ಕಡೆಯಿಂದ ಮದುವೆಯಾಗಿ ಮುಂಬೈಗೆ ಬಂದವರು, ಇಪ್ಪತ್ತು ವರ್ಷದಿಂದ ಲೋಕಲ್ ರೈಲಿನಲ್ಲೇ ಕೆಲಸಕ್ಕೆ ಹೋಗಿಬರುತ್ತಾರೆ. ಜನವರಿಯ ಒಂದು ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಎಲ್ಲರೂ ಶಾಲು ಹೊದ್ದು ನಿಂತಿದ್ದರೆ ಚಿಕ್ಕಮ್ಮನಿಗೆ ಮಾತ್ರ ಎದೆಯಿಂದ ಮುಖದವರೆಗೆ ಬಿಸಿ ಏರಿತಂತೆ. ಎದೆ ಡವಡವ ಎಂದಿತು, ಬೆನ್ನು ಬೆವರಿನಿಂದ ಒದ್ದೆಯಾಯಿತು. ಎರಡು ಮೂರು ನಿಮಿಷದಲ್ಲಿ ಎಲ್ಲ ಇಳಿದು ಚಳಿ ಹಿಡಿಯಿತು. "ಮೈಗೆ ಬೆಂಕಿ ಹಿಡಿದ ಹಾಗೆ ಆಗ್ತದೆ ಮಾರಾಯ್ತಿ, ಆಮೇಲೆ ಏನೂ ಆಗಲೇ ಇಲ್ಲ ಅನ್ನುವ ಹಾಗೆ ಇರ್ತದೆ" ಎಂದು ಫೋನಿನಲ್ಲಿ ಹೇಳಿದ್ದರು.

ಮುಂದಿನ ಕೆಲವು ತಿಂಗಳಲ್ಲಿ ಇದು ದಿನಕ್ಕೆ ಐದಾರು ಬಾರಿ ಆಗತೊಡಗಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮಗ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಹಾಕಿದ್ದಕ್ಕೆ ಕೂಗಾಡಿ, ಆಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಅತ್ತರಂತೆ. ಬಡಾವಣೆಯ ವೈದ್ಯರ ಬಳಿ ಹೋದರು. ಮುಂಬೈಯಲ್ಲಿ ವೈದ್ಯರ ಮುಂದೆ ನಾವು ಹಿಂದಿಯಲ್ಲೋ ಮರಾಠಿಯಲ್ಲೋ ಮಾತಾಡಬೇಕು. ಚಿಕ್ಕಮ್ಮ ತಮಗೆ ಗೊತ್ತಿದ್ದ ಒಂದೇ ಪದ ಹೇಳಿದರು: "ಘಬ್ರಾಹಟ್". ಹಿಂದಿಯಲ್ಲಿ ಆ ಪದಕ್ಕೆ ಎದೆ ಹೊಡೆದುಕೊಳ್ಳುವುದು ಎಂದೂ ಅರ್ಥ, ಗಾಬರಿ, ಆತಂಕ ಎಂದೂ ಅರ್ಥ. ಬಿಪಿ ನೋಡಿದರು, ಇಸಿಜಿ ಮಾಡಿದರು. ಎರಡೂ ಸರಿಯಾಗಿದ್ದವು. "ಟೆನ್ಶನ್ ಮಾಡಿಕೊಳ್ಳಬೇಡಿ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು.

ಮುಟ್ಟಿನ ವಿಷಯವನ್ನು ಅಲ್ಲಿ ಯಾರೂ ಕೇಳಲಿಲ್ಲ. ಚಿಕ್ಕಮ್ಮನೂ ಹೇಳಲಿಲ್ಲ. ಮುಟ್ಟು ನಿಂತ ಮೇಲೆ ಇವೆಲ್ಲ ಆಗುತ್ತದೆ ಎಂದು ಅವರು ಕೇಳಿದ್ದರು, ಆದರೆ ಅವರಿಗೆ ಇನ್ನೂ ತಿಂಗಳು ತಿಂಗಳು ಬರುತ್ತಿತ್ತಲ್ಲ! ಬಹಳಷ್ಟು ಮಹಿಳೆಯರು ಎಡವುವುದು ಇಲ್ಲಿಯೇ. ಚಿಕ್ಕಮ್ಮನ ಒಪ್ಪಿಗೆ ಪಡೆದೇ ಅವರ ಕಥೆಯನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಪೆರಿಮೆನೋಪಾಸ್ ಎಂದರೇನು?

ಸತತ 12 ತಿಂಗಳು ಮುಟ್ಟು ಬಾರದೇ ಇದ್ದರೆ ಅದನ್ನು ಋತುಬಂಧ ಅಥವಾ ಮೆನೋಪಾಸ್ ಎನ್ನುತ್ತಾರೆ. ಭಾರತದಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51. ಹಾಗಾಗಿ ಇಂಗ್ಲಿಷ್ ವೆಬ್‌ಸೈಟ್ ಓದಿ "ನನಗಿನ್ನೂ ಸಮಯವಿದೆ" ಎಂದುಕೊಂಡರೆ ಲೆಕ್ಕ ತಪ್ಪಬಹುದು. ಋತುಬಂಧಕ್ಕೆ ಮುಂಚಿನ ಕೆಲವು ವರ್ಷ ಮತ್ತು ಕೊನೆಯ ಮುಟ್ಟಿನ ನಂತರದ ಒಂದು ವರ್ಷ, ಇಷ್ಟೂ ಸೇರಿ ಪೆರಿಮೆನೋಪಾಸ್. ಅಂದರೆ ಮುಟ್ಟು ಬರುತ್ತಿರುವಾಗಲೇ ಇದು ಶುರುವಾಗಿರುತ್ತದೆ.

ಈ ಹೊತ್ತಿಗೆ ಅಂಡಾಶಯದಲ್ಲಿ ಅಂಡಕೋಶಗಳು ಕಡಿಮೆಯಾಗಿರುತ್ತವೆ. ಕೆಲಸ ಮಾಡಿಸಿಕೊಳ್ಳಲು ಮಿದುಳು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಜೋರಾಗಿ ಕಳುಹಿಸುತ್ತದೆ. ಅಂಡಾಶಯ ಒಂದು ತಿಂಗಳು ಅದಕ್ಕೆ ಅತಿಯಾಗಿ ಸ್ಪಂದಿಸುತ್ತದೆ, ಇನ್ನೊಂದು ತಿಂಗಳು ಸುಮ್ಮನಿರುತ್ತದೆ. ಹೀಗಾಗಿ ಈಸ್ಟ್ರೋಜೆನ್ ಮೆಲ್ಲಗೆ ಇಳಿಯುತ್ತಾ ಹೋಗುವುದಿಲ್ಲ. ವೋಲ್ಟೇಜ್ ಸರಿಯಿಲ್ಲದ ಬಲ್ಬಿನಂತೆ ಒಮ್ಮೆ ಏರುತ್ತದೆ, ಒಮ್ಮೆ ಬೀಳುತ್ತದೆ. ಈ ಏರಿಳಿತವೇ ಎಲ್ಲ ತೊಂದರೆಗಳ ಮೂಲ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ದೇಹದ ಉಷ್ಣತೆಯನ್ನು ಕಾಯುತ್ತದೆ. ಸಾಮಾನ್ಯವಾಗಿ ಮೈ ಸ್ವಲ್ಪ ಬಿಸಿಯಾದರೂ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜೆನ್ ಬಿದ್ದಾಗ ಅಲ್ಲಿನ ಕೆಲವು ನರಕೋಶಗಳು ಅತಿ ಚುರುಕಾಗಿ, ಅದರ ಸಹನೆಯ ಮಿತಿ ಕಿರಿದಾಗುತ್ತದೆ. ಎಳ್ಳಷ್ಟು ಬಿಸಿ ಹೆಚ್ಚಾದರೂ "ಮೈ ತಣ್ಣಗೆ ಮಾಡಿ" ಎಂಬ ಆದೇಶ ಹೋಗುತ್ತದೆ. ಚರ್ಮದ ರಕ್ತನಾಳಗಳು ತೆರೆದು ಮುಖ ಕೆಂಪೇರುತ್ತದೆ, ಎದೆಬಡಿತ ಹೆಚ್ಚುತ್ತದೆ, ಬೆವರು ಸುರಿಯುತ್ತದೆ. ಅಷ್ಟರಲ್ಲಿ ಮೈ ಬೇಕಿದ್ದಕ್ಕಿಂತ ಹೆಚ್ಚು ತಣ್ಣಗಾಗಿ ಚಳಿ ಹಿಡಿಯುತ್ತದೆ. ಇದೇ ಹಾಟ್ ಫ್ಲಶ್. ಹೆಚ್ಚಾಗಿ ಒಂದರಿಂದ ಐದು ನಿಮಿಷ ಇರುತ್ತದೆ. ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ಇದನ್ನೇ.

ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಇನ್ನೊಂದು ಸಮಸ್ಯೆ. ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಾಗುವುದೇ ಅಂಡ ಬಿಡುಗಡೆಯಾದ ನಂತರ. ಅದಿಲ್ಲದೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ, ತಡವಾಗಿ ಬಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವವಾಗಬಹುದು. "ಮುಟ್ಟು ನಿಲ್ಲುವ ಮುಂಚೆ ಹೀಗೆ ಹೋಗುವುದೇ" ಎಂದು ಮನೆಯ ಹಿರಿಯರು ಹೇಳುವುದುಂಟು. ಕಾರಣ ಸಹಜವೇ ಇರಬಹುದು. ಆದರೆ ಹೋಗುವ ರಕ್ತಕ್ಕೆ ಲೆಕ್ಕ ಬೇಕು. ಇದು ಚಿಕ್ಕಮ್ಮನ ವಿಷಯದಲ್ಲಿ ಮುಂದೆ ಗೊತ್ತಾಯಿತು.

ಗೋಡೆಯ ಕ್ಯಾಲೆಂಡರ್ ಹೇಳಿದ ಸತ್ಯ

ಜುಲೈಯಲ್ಲಿ ಚಿಕ್ಕಮ್ಮ ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕಂಡರು. ಅವರು ಕೇಳಿದ ಮೊದಲ ಪ್ರಶ್ನೆ: "ಹಿಂದಿನ ಆರೇಳು ಮುಟ್ಟಿನ ತಾರೀಖು ಹೇಳಿ." ಚಿಕ್ಕಮ್ಮನ ಬಳಿ ಉತ್ತರ ಇತ್ತು. ಪೂಜೆ, ವ್ರತಗಳ ಲೆಕ್ಕಕ್ಕಾಗಿ ಅವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಮುಟ್ಟಾದ ದಿನಕ್ಕೆ ಸಣ್ಣ ಚುಕ್ಕೆ ಇಡುತ್ತಿದ್ದರು. ಮಗನಿಂದ ಪುಟಗಳ ಫೋಟೊ ತರಿಸಿಕೊಂಡು ತೋರಿಸಿದರು.

ಜನವರಿ 6, ಫೆಬ್ರವರಿ 3, ಮಾರ್ಚ್ 2, ಏಪ್ರಿಲ್ 6, ಏಪ್ರಿಲ್ 29, ಜೂನ್ 6, ಜುಲೈ 2. ಏಳು ಚುಕ್ಕೆ.

ವೈದ್ಯೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ ಎಣಿಸಿದರು. ಕ್ರಮವಾಗಿ 28, 27, 35, 23, 38, 26 ದಿನ ಬಂತು. ಒಟ್ಟು 177 ದಿನ, ಆರರಿಂದ ಭಾಗಿಸಿದರೆ ಸರಾಸರಿ 29 ದಿನಕ್ಕೆ ಚೂರು ಹೆಚ್ಚು. "ತಿಂಗಳು ತಿಂಗಳು ಬರುತ್ತದೆ" ಎಂದು ಚಿಕ್ಕಮ್ಮ ನಂಬಿದ್ದರಲ್ಲಿ ಸುಳ್ಳಿಲ್ಲ. ಆದರೆ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ನೋಡಬೇಕಾದ್ದು ಒಂದು ಚಕ್ರಕ್ಕೂ ಅದರ ಮುಂದಿನ ಚಕ್ರಕ್ಕೂ ಇರುವ ಅಂತರವನ್ನು. 28 ಮತ್ತು 27ರ ನಡುವೆ ಒಂದೇ ದಿನದ ವ್ಯತ್ಯಾಸ. ಆಮೇಲೆ 8, 12, 15, 12 ದಿನ.

ಪಕ್ಕಪಕ್ಕದ ಚಕ್ರಗಳಲ್ಲಿ 7 ದಿನ ಅಥವಾ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಅದು ಋತುಬಂಧದತ್ತ ಸಾಗುವ ಆರಂಭಿಕ ಹಂತ. 60 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಟ್ಟು ಬಾರದಿದ್ದರೆ ಅದು ಕೊನೆಯ ಹಂತ, ಇದು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ನಡೆಯುತ್ತದೆ. 2012ರಲ್ಲಿ ಪ್ರಕಟವಾದ, ಸ್ಟ್ರಾ+10 ಎಂದು ಕರೆಯುವ ಅಂತಾರಾಷ್ಟ್ರೀಯ ಮಾನದಂಡ ಇದು. ಇದಕ್ಕೆ ಪೆನ್ನು ಮತ್ತು ಕ್ಯಾಲೆಂಡರ್ ಸಾಕು. ಮನೆಯಿಂದ ದೂರ, ಬೇರೆ ಭಾಷೆಯ ಊರಿನಲ್ಲಿರುವವರಿಗೆ ಇನ್ನೂ ಒಂದು ಅನುಕೂಲ: ತಾರೀಖನ್ನು ಯಾವ ಭಾಷೆಗೂ ಅನುವಾದ ಮಾಡಬೇಕಿಲ್ಲ. "ಘಬ್ರಾಹಟ್" ಎಂಬ ಪದ ಹೇಳಲಾಗದ್ದನ್ನು ಏಳು ಚುಕ್ಕೆಗಳು ಹೇಳಿದವು.

ಒಂದು ಎಚ್ಚರಿಕೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಹಾರ್ಮೋನ್ ಸಾಧನ ಹಾಕಿಸಿಕೊಂಡವರಿಗೆ, ಗರ್ಭಕೋಶ ತೆಗೆಸಿಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರಲ್ಲಿ ವಯಸ್ಸು ಮತ್ತು ಲಕ್ಷಣಗಳ ಮೇಲೇ ನಿರ್ಧರಿಸಬೇಕಾಗುತ್ತದೆ.

ಹಾರ್ಮೋನ್ ಟೆಸ್ಟ್ ಬೇಕೇ?

ಪ್ರಯೋಗಾಲಯಗಳ ಪ್ಯಾಕೇಜುಗಳಲ್ಲಿ ಎಫ್‌ಎಸ್‌ಎಚ್, ಈಸ್ಟ್ರೋಜೆನ್ ಪರೀಕ್ಷೆಗಳು ಇದ್ದೇ ಇರುತ್ತವೆ. 45 ದಾಟಿ, ಲಕ್ಷಣಗಳೂ ಇದ್ದು, ಮುಟ್ಟೂ ಏರುಪೇರಾಗಿದ್ದರೆ ಪೆರಿಮೆನೋಪಾಸ್ ಎಂದು ಹೇಳಲು ಅವು ಬೇಕಿಲ್ಲ. ಕಾರಣ ಸರಳ. ಹಾರ್ಮೋನ್ ಮಟ್ಟವೇ ದಿನದಿಂದ ದಿನಕ್ಕೆ ಬದಲಾಗುತ್ತಿರುವಾಗ ಒಂದು ದಿನದ ರಕ್ತ ಆ ದಿನದ ಸುದ್ದಿಯನ್ನಷ್ಟೇ ಹೇಳುತ್ತದೆ. ವರದಿ "ನಾರ್ಮಲ್" ಎಂದು ಬಂದರೆ ಮಹಿಳೆ "ಹಾಗಿದ್ದರೆ ಇದೆಲ್ಲ ನನ್ನ ಮನಸ್ಸಿನದ್ದೇ" ಎಂದುಕೊಂಡು ಸುಮ್ಮನಾಗುವ ಅಪಾಯವಿದೆ. ಆದರೆ 40ಕ್ಕಿಂತ ಮೊದಲೇ ಮುಟ್ಟು ತಪ್ಪತೊಡಗಿದರೆ ಎಫ್‌ಎಸ್‌ಎಚ್ ಪರೀಕ್ಷೆ ಅಗತ್ಯ. ಅಂಡಾಶಯ ಅವಧಿಗೆ ಮುನ್ನ ಕೆಲಸ ನಿಲ್ಲಿಸುತ್ತಿದ್ದರೆ ಅದರ ಚಿಕಿತ್ಸೆಯೇ ಬೇರೆ.

ವೈದ್ಯೆ ಬರೆದುಕೊಟ್ಟ ಪರೀಕ್ಷೆಗಳು ಬೇರೆ ಥರದವು. ಇದೇ ಲಕ್ಷಣಗಳನ್ನು ಕೊಡುವ ಇತರ ಕಾಯಿಲೆಗಳನ್ನು ಹುಡುಕುವಂಥವು. ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆಬಡಿತ, ನಿದ್ದೆಗೇಡು ಇರುತ್ತದೆ, ಅದಕ್ಕೆ ಟಿಎಸ್‌ಎಚ್. ರಕ್ತಹೀನತೆಯಿದ್ದರೆ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ, ಸುಸ್ತಾಗುತ್ತದೆ, ಅದಕ್ಕೆ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್. ಜೊತೆಗೆ ಸಕ್ಕರೆ. ಮುಟ್ಟು ತಡವಾದ ಯಾರಿಗೇ ಆದರೂ, 45 ಆಗಿದ್ದರೂ, ಗರ್ಭಧಾರಣೆಯ ಪರೀಕ್ಷೆಯನ್ನು ಮರೆಯುವಂತಿಲ್ಲ.

ಚಿಕ್ಕಮ್ಮನ ಥೈರಾಯ್ಡ್, ಸಕ್ಕರೆ ಸರಿಯಿದ್ದವು. ಹಿಮೋಗ್ಲೋಬಿನ್ ಮಾತ್ರ 9.8. ಮಹಿಳೆಯರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ವಿಚಾರಿಸಿದಾಗ, ಮುಟ್ಟಿನ ಮೊದಲ ಎರಡು ದಿನ ಎರಡೆರಡು ಗಂಟೆಗೆ ಪ್ಯಾಡ್ ಬದಲಿಸುತ್ತಿದ್ದರೆಂದು ತಿಳಿಯಿತು. ಅಂದರೆ ಅವರ ಎದೆಬಡಿತಕ್ಕೆ ಎರಡು ಕಾರಣಗಳಿದ್ದವು. ಬಿಸಿ ಏರಿದಾಗಿನದ್ದು ಪೆರಿಮೆನೋಪಾಸ್‌ನಿಂದ, ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗಿನದ್ದು ರಕ್ತಹೀನತೆಯಿಂದ. ಎಲ್ಲವನ್ನೂ "ವಯಸ್ಸಿನದ್ದು" ಎಂದು ಒಂದೇ ಗಂಟಿಗೆ ಕಟ್ಟಿದ್ದರೆ ಎರಡನೆಯದಕ್ಕೆ ಔಷಧಿಯೇ ಸಿಗುತ್ತಿರಲಿಲ್ಲ. ವಯಸ್ಸು 45 ಆಗಿದ್ದರಿಂದ ಗರ್ಭಕೋಶದ ಸ್ಕ್ಯಾನಿಂಗ್ ಮಾಡಿಸಿ, ಒಳಪದರದ ಸಣ್ಣ ತುಣುಕನ್ನೂ ಪರೀಕ್ಷೆಗೆ ಕಳುಹಿಸಿದರು. ಕ್ಯಾನ್ಸರ್ ಸುಳಿವೇನೂ ಇರಲಿಲ್ಲ.

ಎರಡು ವಾರದ ಡೈರಿ

ಕ್ಯಾಲೆಂಡರ್ ಮುಟ್ಟಿನ ಕಥೆ ಹೇಳಿತು. ನಿದ್ದೆ ಮತ್ತು ಸಿಡುಕಿನ ಕಥೆಗೆ ವೈದ್ಯೆ ಎರಡು ವಾರ ಡೈರಿ ಬರೆಯಲು ಹೇಳಿದರು. ದಿನಕ್ಕೆ ಒಂದೇ ಸಾಲು: ಹಗಲು ಎಷ್ಟು ಬಾರಿ ಬಿಸಿ ಏರಿತು, ರಾತ್ರಿ ಎಷ್ಟು ಬಾರಿ ಎಚ್ಚರವಾಯಿತು, ಎಚ್ಚರವಾದಾಗ ಬಟ್ಟೆ ಒದ್ದೆಯಿತ್ತೇ, ಮರುದಿನ ಮನಸ್ಸು ಹೇಗಿತ್ತು.

ಒದ್ದೆ ಬಟ್ಟೆಯ ಪ್ರಶ್ನೆ ಮುಖ್ಯ. ಬೆವರಿನಿಂದಲೇ ಎಚ್ಚರವಾಗುತ್ತಿದ್ದರೆ ಬಿಸಿಯೇರಿಕೆಗೆ ಚಿಕಿತ್ಸೆ ಕೊಟ್ಟಾಗ ನಿದ್ದೆಯೂ ಸುಧಾರಿಸುತ್ತದೆ. ಬೆವರಿಲ್ಲದೆ ಎಚ್ಚರವಾಗಿ ಗಂಟೆಗಟ್ಟಲೆ ಹೊರಳಾಡುವುದಾದರೆ ನಿದ್ದೆಯ ಅಭ್ಯಾಸವೇ ಕೆಟ್ಟಿರಬಹುದು. ಜೋರಾಗಿ ಗೊರಕೆ, ಉಸಿರು ಕಟ್ಟಿ ಏಳುವುದು, ಬೆಳಿಗ್ಗೆ ತಲೆಭಾರ ಇದ್ದರೆ ಸ್ಲೀಪ್ ಅಪ್ನಿಯಾ ಇರಬಹುದು. ಈ ವಯಸ್ಸಿನಲ್ಲಿ ಅದೂ ಹೆಚ್ಚಾಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ನಿದ್ದೆ ಮಾತ್ರೆ ಇವುಗಳಲ್ಲಿ ಯಾವುದರ ಮೂಲಕ್ಕೂ ಹೋಗುವುದಿಲ್ಲ.

ಚಿಕ್ಕಮ್ಮನ 14 ದಿನದ ಡೈರಿಯಲ್ಲಿ ಏಳು ದಿನ "ಸಿಟ್ಟು" ಎಂದಿತ್ತು. ಅದರಲ್ಲಿ ಆರು ದಿನಗಳ ಹಿಂದಿನ ರಾತ್ರಿ ಎರಡು ಮೂರು ಬಾರಿ ಒದ್ದೆಯಾಗಿ ಎದ್ದಿದ್ದರು. "ನನ್ನ ಸ್ವಭಾವವೇ ಹಾಳಾಯ್ತು ಅಂದುಕೊಂಡಿದ್ದೆ, ನಿದ್ದೆ ಹಾಳಾದದ್ದು ಅಲ್ವಾ!" ಎಂದು ಆಮೇಲೆ ನಕ್ಕರು. ಮನೆಯವರಿಗೂ ಆ ಹಾಳೆಯನ್ನು ತೋರಿಸಿದರು. ಚಿಕ್ಕಪ್ಪ ಆ ವಾರವೇ ಬೆಳಗಿನ ಡಬ್ಬಿ ಕಟ್ಟುವ ಕೆಲಸವನ್ನು ತಾವು ವಹಿಸಿಕೊಂಡರು.

ಎಲ್ಲರ ಡೈರಿಯೂ ಹೀಗೆಯೇ ಹೇಳುವುದಿಲ್ಲ. ಸರಿಯಾಗಿ ನಿದ್ದೆ ಬಂದ ದಿನವೂ ಮನಸ್ಸು ಕುಗ್ಗಿದ್ದರೆ, ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದರೆ ಅದನ್ನು ಬರೀ ಮೂಡ್ ಎನ್ನುವಂತಿಲ್ಲ. ಅದು ಖಿನ್ನತೆ ಇರಬಹುದು. ಈ ಹಂತದಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚು, ಹಿಂದೆ ಖಿನ್ನತೆ ಅಥವಾ ಬಾಣಂತನದ ನಂತರದ ಖಿನ್ನತೆ ಅನುಭವಿಸಿದವರಲ್ಲಿ ಇನ್ನೂ ಹೆಚ್ಚು. ಅದಕ್ಕೆ ಅದರದ್ದೇ ಚಿಕಿತ್ಸೆ ಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಮಾರ್ಗದರ್ಶಿ ಕೇಂದ್ರ. ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ, ಮನಸ್ಸಿನ ಮಾತನ್ನು ಹಿಂದಿಯಲ್ಲಿ ಹುಡುಕಬೇಕಿಲ್ಲ. ಬದುಕೇ ಬೇಡ ಎನ್ನಿಸುತ್ತಿದ್ದರೆ ಎರಡು ವಾರ ಕಾಯದೆ ಅಂದೇ ಕರೆ ಮಾಡಿ.

ಹಾರ್ಮೋನ್ ಚಿಕಿತ್ಸೆ: ಭಯ ಎಲ್ಲಿಂದ ಬಂತು?

ಬಿಸಿಯೇರಿಕೆಗೆ ಇರುವ ಔಷಧಿಗಳಲ್ಲಿ ಹಾರ್ಮೋನ್ ಚಿಕಿತ್ಸೆಯೇ ಅತಿ ಪರಿಣಾಮಕಾರಿ. ಕಂತುಗಳ ಸಂಖ್ಯೆಯನ್ನು ಸುಮಾರು ಮುಕ್ಕಾಲು ಪಾಲು ಇಳಿಸುತ್ತದೆ. ಆದರೂ ವೈದ್ಯೆ ಆ ಮಾತೆತ್ತಿದ ಕೂಡಲೇ ಚಿಕ್ಕಮ್ಮ ಹೇಳಿದ್ದು: "ಅದರಿಂದ ಕ್ಯಾನ್ಸರ್ ಬರ್ತದಂತೆ."

ಆ ಭಯಕ್ಕೊಂದು ಇತಿಹಾಸವಿದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು. ಎರಡು ಹಾರ್ಮೋನುಗಳ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಜಗತ್ತಿನಾದ್ಯಂತ ಅದು ಮುಖಪುಟ ಸುದ್ದಿಯಾಯಿತು. ಎಷ್ಟು ಹೆಚ್ಚು ಎಂಬುದು ಸುದ್ದಿಯಲ್ಲಿ ಕಳೆದುಹೋಯಿತು: ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ ಸುಮಾರು 8 ಹೆಚ್ಚುವರಿ ಪ್ರಕರಣ. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಅಂದರೆ ಹೆಚ್ಚಿನವರು ಋತುಬಂಧವಾಗಿ ಎಷ್ಟೋ ವರ್ಷ ಕಳೆದವರು. ನಂತರದ ವಿಶ್ಲೇಷಣೆಗಳ ಆಧಾರದಲ್ಲಿ ತಜ್ಞರ ಸಂಘಗಳು ಇಂದು ಹೇಳುವುದಿಷ್ಟು: 60 ವರ್ಷದೊಳಗಿನ, ಅಥವಾ ಋತುಬಂಧವಾಗಿ ಹತ್ತು ವರ್ಷ ದಾಟದ, ಬೇರೆ ಕಾಯಿಲೆಯಿಲ್ಲದ, ಲಕ್ಷಣಗಳಿಂದ ಬಳಲುತ್ತಿರುವ ಮಹಿಳೆಗೆ ಹೆಚ್ಚಾಗಿ ಅಪಾಯಕ್ಕಿಂತ ಪ್ರಯೋಜನವೇ ಜಾಸ್ತಿ.

ಅಪಾಯ ಶೂನ್ಯ ಎಂದಲ್ಲ. ಎರಡೂ ಹಾರ್ಮೋನುಗಳನ್ನು ವರ್ಷಗಟ್ಟಲೆ ತೆಗೆದುಕೊಂಡಷ್ಟೂ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಸ್ವಲ್ಪವೇ ಏರುತ್ತದೆ. ಈಸ್ಟ್ರೋಜೆನ್ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಸಾಮಾನ್ಯ ಪ್ರಮಾಣದಲ್ಲಿ ಹಾಗೆ ಮಾಡಿದ್ದು ಕಂಡುಬಂದಿಲ್ಲ. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ, ಒಳಪದರ ಬೆಳೆದು ಅಲ್ಲಿ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು, ಹೃದಯಾಘಾತ, ಪಾರ್ಶ್ವವಾಯು ಅಥವಾ ಕಾಲಿನ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಆದ್ದರಿಂದಲೇ ಗೆಳತಿಯ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತರುವ ಔಷಧಿ ಇದಲ್ಲ.

ಚಿಕ್ಕಮ್ಮನ ಮುಂದೆ ಎರಡು ಸಮಸ್ಯೆಗಳಿದ್ದವು, ಬಿಸಿಯೇರಿಕೆ ಮತ್ತು ಅತಿಸ್ರಾವ. ವೈದ್ಯೆ ಸೂಚಿಸಿದ ದಾರಿ ಎರಡನ್ನೂ ಮುಟ್ಟುವಂಥದ್ದು. ಕಾಪರ್-ಟಿ ಆಕಾರದ, ಆದರೆ ಹಾರ್ಮೋನ್ ಇರುವ ಒಂದು ಸಾಧನವನ್ನು ಗರ್ಭಕೋಶದೊಳಗೆ ಇಡುತ್ತಾರೆ. ಅದು ಒಳಪದರವನ್ನು ತೆಳುವಾಗಿಸಿ ಸ್ರಾವ ಇಳಿಸುತ್ತದೆ, ಗರ್ಭ ತಡೆಯುತ್ತದೆ, ಮೇಲಿನಿಂದ ಕೊಡುವ ಈಸ್ಟ್ರೋಜೆನ್‌ನಿಂದ ಒಳಪದರವನ್ನು ಕಾಯುವ ಕೆಲಸವನ್ನೂ ಮಾಡುತ್ತದೆ. ಜೊತೆಗೆ ದಿನಾ ತೋಳಿಗೆ ಹಚ್ಚುವ ಈಸ್ಟ್ರೋಜೆನ್ ಜೆಲ್, ಮತ್ತು ಕಬ್ಬಿಣದ ಮಾತ್ರೆ. ಶುರು ಮಾಡುವ ಮುನ್ನ ಬಿಪಿ ನೋಡಿ, ಮ್ಯಾಮೊಗ್ರಾಂ ಮಾಡಿಸಿದರು.

ಮೂರು ತಿಂಗಳ ನಂತರದ ಲೆಕ್ಕ ಹೀಗಿತ್ತು. ದಿನಕ್ಕೆ ಐದಾರು ಬಾರಿ ಬರುತ್ತಿದ್ದ ಬಿಸಿ ಒಂದಕ್ಕೆ ಇಳಿದಿತ್ತು. ಹಿಮೋಗ್ಲೋಬಿನ್ 11.6ಕ್ಕೆ ಏರಿತ್ತು. ಆದರೆ ಮೊದಲ ಎರಡು ತಿಂಗಳು ಆಗಾಗ ಸಣ್ಣಗೆ ರಕ್ತದ ಕಲೆ ಕಾಣಿಸಿ ಬೇಸರವಾಗಿತ್ತು. ಈ ಸಾಧನ ಹಾಕಿಸಿಕೊಂಡ ಹಲವರಿಗೆ ಮೊದಲ ಕೆಲವು ತಿಂಗಳು ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ರಾತ್ರಿ ಮೂರರ ಎಚ್ಚರ ಮಾತ್ರ ಬೆವರು ನಿಂತ ಮೇಲೂ ಹೋಗಲಿಲ್ಲ.

ನಿದ್ದೆಗೆ ಮರುಪಾಠ

ತಿಂಗಳುಗಟ್ಟಲೆ ಮೂರಕ್ಕೆ ಎದ್ದು ಗಡಿಯಾರ ನೋಡಿದರೆ ದೇಹ ಅದನ್ನೇ ಪಾಠ ಮಾಡಿಕೊಂಡುಬಿಡುತ್ತದೆ. ಇದನ್ನು ಬಿಡಿಸಲು ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿಯ ನಿದ್ದೆಗೆ ಹೊಂದಿಸಿದ ರೂಪ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ತಿರುಳು ಸರಳ, ಪಾಲಿಸುವುದು ಕಷ್ಟ. ಎಷ್ಟೇ ತಡವಾಗಿ ನಿದ್ದೆ ಬಂದಿರಲಿ, ಭಾನುವಾರವಿರಲಿ, ಏಳುವ ಸಮಯ ಒಂದೇ. ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಬೇರೆ ಕಡೆ ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗಲೇ ಮರಳುವುದು. ಹಗಲು ಮಲಗದಿರುವುದು. ಸಂಜೆಯ ಫಿಲ್ಟರ್ ಕಾಫಿ ಬಿಡುವುದು. ಮೊದಲ ವಾರ ನಿದ್ದೆ ಇನ್ನೂ ಕಡಿಮೆಯಾದಂತೆ ಅನ್ನಿಸುತ್ತದೆ, ಹೆಚ್ಚಿನವರು ಬಿಟ್ಟುಬಿಡುವುದು ಆಗಲೇ. ಚಿಕ್ಕಮ್ಮನಿಗೆ ಐದು ವಾರ ಹಿಡಿಯಿತು.

ಹಾರ್ಮೋನ್ ಬೇಡ ಎನ್ನುವವರಿಗೆ, ಕೊಡಲಾಗದವರಿಗೆ ಬೇರೆ ದಾರಿಗಳಿವೆ. ಎಸ್ಸಿಟಲೋಪ್ರಾಂ, ವೆನ್ಲಫಾಕ್ಸಿನ್‌ನಂಥ ಔಷಧಿಗಳು ಖಿನ್ನತೆ ಇಲ್ಲದವರಲ್ಲೂ ಬಿಸಿಯೇರಿಕೆ ತಗ್ಗಿಸುತ್ತವೆ. ಚೀಟಿಯಲ್ಲಿ "ಡಿಪ್ರೆಶನ್ ಮಾತ್ರೆ" ಕಂಡು ವೈದ್ಯರು ತಮ್ಮ ಮಾತು ನಂಬಲಿಲ್ಲ ಎಂದುಕೊಳ್ಳಬೇಡಿ, ಏಕೆ ಕೊಟ್ಟರು ಎಂದು ಕೇಳಿ. ಗ್ಯಾಬಪೆಂಟಿನ್ ರಾತ್ರಿಯ ಬೆವರಿಗೆ ಉಪಯೋಗ. ಬಿಸಿಯೇರಿಕೆಯ ಕಾಟವನ್ನು ಸಹಿಸಿಕೊಳ್ಳಲು ಸಿಬಿಟಿಯೂ ನೆರವಾಗುತ್ತದೆ.

ಸೋಯಾ, ಗಿಡಮೂಲಿಕೆ ಕ್ಯಾಪ್ಸೂಲ್, "ಹಾರ್ಮೋನ್ ಬ್ಯಾಲೆನ್ಸ್" ಪುಡಿಗಳ ಜಾಹೀರಾತು ಮೊಬೈಲಿನಲ್ಲಿ ದಂಡಿಯಾಗಿವೆ. ಅಮೆರಿಕದ ದಿ ಮೆನೋಪಾಸ್ ಸೊಸೈಟಿ 2023ರಲ್ಲಿ ಹಾರ್ಮೋನ್ ರಹಿತ ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸಿ, ಬಿಸಿಯೇರಿಕೆಗೆ ಇವುಗಳನ್ನು ಶಿಫಾರಸು ಮಾಡಲಿಲ್ಲ. ಯೋಗ, ವ್ಯಾಯಾಮವನ್ನೂ ಬಿಸಿಯೇರಿಕೆಯ ಮದ್ದಾಗಿ ಶಿಫಾರಸು ಮಾಡಲಿಲ್ಲ. ಹಾಗೆಂದು ನಡಿಗೆ, ಯೋಗ ಬಿಡಬೇಕಿಲ್ಲ. ಮೂಳೆ, ಹೃದಯ, ಮನಸ್ಸಿಗೆ ಅವು ಬೇಕು. "ದಿನಾ ಯೋಗ ಮಾಡಿದರೂ ಬೆವರು ನಿಲ್ಲಲಿಲ್ಲ" ಎಂದು ತಮ್ಮನ್ನೇ ದೂಷಿಸಿಕೊಳ್ಳಬೇಕಿಲ್ಲ, ಅಷ್ಟೆ. ಹೆಚ್ಚಿನ ತೂಕ ಇರುವವರಲ್ಲಿ ತೂಕ ಇಳಿದರೆ ಬಿಸಿಯೇರಿಕೆಯೂ ಇಳಿಯಬಹುದು.

ಕಾಯದೆ ವೈದ್ಯರ ಬಳಿ ಹೋಗಬೇಕಾದ್ದು ಯಾವಾಗ?

ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಮುಂದುವರಿದರೆ ಅಂದೇ ಆಸ್ಪತ್ರೆಗೆ ಹೋಗಿ. ಏಳು ದಿನ ದಾಟಿಯೂ ಸ್ರಾವ ನಿಲ್ಲದಿದ್ದರೆ, 21 ದಿನದೊಳಗೇ ಮತ್ತೆ ಮತ್ತೆ ಮುಟ್ಟಾದರೆ, ಎರಡು ಮುಟ್ಟಿನ ನಡುವೆ ಅಥವಾ ಲೈಂಗಿಕ ಸಂಪರ್ಕದ ನಂತರ ರಕ್ತ ಕಂಡರೆ ಪರೀಕ್ಷೆ ಮಾಡಿಸಲೇಬೇಕು. 12 ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ "ಮತ್ತೆ ಮುಟ್ಟು ಶುರುವಾಯಿತು" ಎಂದು ಬಿಡುವಂತಿಲ್ಲ, ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಕ್ಷಯರೋಗದ ಪರೀಕ್ಷೆ ಆಗಬೇಕು. ಎದೆನೋವು, ತೋಳು ಅಥವಾ ದವಡೆಗೆ ಹರಡುವ ನೋವು, ಉಸಿರಾಟದ ತೊಂದರೆ ಇದ್ದರೆ ಹಾಟ್ ಫ್ಲಶ್ ಎಂದು ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ.

ಅತಿಸ್ರಾವಕ್ಕೆ ಮೊದಲ ಭೇಟಿಯಲ್ಲೇ "ಗರ್ಭಕೋಶ ತೆಗೆಸಿಬಿಡಿ" ಎಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಕ್ಯಾನ್ಸರ್‌ನಂಥ ಕಾರಣ ಇಲ್ಲದಿದ್ದರೆ ಸಾಮಾನ್ಯವಾಗಿ ಮಾತ್ರೆ, ಹಾರ್ಮೋನ್ ಸಾಧನಗಳನ್ನು ಮೊದಲು ಪ್ರಯತ್ನಿಸಬಹುದು. ಶಸ್ತ್ರಚಿಕಿತ್ಸೆ ಬೇಕೇ ಆದರೂ ಅಂಡಾಶಯವನ್ನೂ ತೆಗೆಯುತ್ತಾರೆಯೇ, ಏಕೆ ಎಂದು ಕೇಳಿ. ಎರಡೂ ಅಂಡಾಶಯ ತೆಗೆದರೆ ಋತುಬಂಧ ವರ್ಷಗಳಲ್ಲಿ ಆಗುವ ಬದಲು ಒಂದೇ ದಿನದಲ್ಲಿ ಆಗುತ್ತದೆ.

ಇನ್ನೊಂದು ಮಾತು ಮುಜುಗರದಿಂದ ಉಳಿದುಹೋಗುತ್ತದೆ. ಮುಟ್ಟು ಏರುಪೇರಾದರೂ ಅಂಡ ಬಿಡುಗಡೆ ಪೂರ್ತಿ ನಿಂತಿರುವುದಿಲ್ಲ, ಗರ್ಭ ನಿಲ್ಲಬಹುದು. ಕೊನೆಯ ಮುಟ್ಟು 50ರೊಳಗೆ ಆಗಿದ್ದರೆ ಎರಡು ವರ್ಷ, 50ರ ನಂತರ ಆಗಿದ್ದರೆ ಒಂದು ವರ್ಷ ಗರ್ಭನಿರೋಧಕ ಮುಂದುವರಿಸಬೇಕು. ಋತುಬಂಧದ ಹಾರ್ಮೋನ್ ಜೆಲ್ ಅಥವಾ ಮಾತ್ರೆ ಗರ್ಭ ತಡೆಯುವುದಿಲ್ಲ.

ಚಿಕ್ಕಮ್ಮನ ಅಡುಗೆಮನೆಯಲ್ಲಿ ಹೊಸ ವರ್ಷದ ಕ್ಯಾಲೆಂಡರ್ ಬಂದಿದೆ. ಹಳೆಯದನ್ನು ಮಾತ್ರ ರದ್ದಿಗೆ ಹಾಕಿಲ್ಲ, ವೈದ್ಯರ ಫೈಲಿನಲ್ಲಿ ಮಡಚಿ ಇಟ್ಟಿದ್ದಾರೆ. ನಿಮ್ಮ ಮನೆಯ ಗೋಡೆಯಲ್ಲೂ ಅಂಥದ್ದೊಂದು ಇದ್ದರೆ, ಮುಂದಿನ ಬಾರಿ ವೈದ್ಯರ ಬಳಿ ಹೋಗುವ ಮುನ್ನ ಚುಕ್ಕೆಗಳ ನಡುವಿನ ದಿನಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಪ್‌ನಲ್ಲಿ ಬರೆಯುವವರು ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅವರು ಕೇಳದಿದ್ದರೂ ಮೇಜಿನ ಮೇಲೆ ಇಡಿ.